ಮೂವತ್ತೊಂದನೇ ಪ್ರಶ್ನೆಯ ಉತ್ತರ

ಹನ್ನೊಂದು ವರ್ಷ ಆಕೆ ಒಂದು ಕೋಚಿಂಗ್ ಸೆಂಟರಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸಿದಳು. ಮೆಮೊರಿಯ ವಿಳಾಸ ಹಿಡಿದಿಡುವ ಪಾಯಿಂಟರ್ ಪಾಠಕ್ಕೆ ಹೆಸರಾಗಿ, ಮಕ್ಕಳು ಕರೆಯುತ್ತಿದ್ದದ್ದು ಪಾಯಿಂಟರ್ ಮಿಸ್ ಅಂತ. ಅದಕ್ಕೂ ಮೊದಲು ಮೀಟರ್ ತಯಾರಿಸುವ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು; ಮಗಳು ಹುಟ್ಟಿದ ಮೇಲೆ ಬಿಟ್ಟಳು. ಸೆಂಟರಿನ ಮಾಲೀಕ "ಇಂಟರ್‌ವ್ಯೂಗೆ ಒಂದು ಪುಸ್ತಕ ಮಾಡೋಣ ಮೇಡಮ್" ಅಂದಾಗ ನೂರಿಪ್ಪತ್ತು ಪ್ರಶ್ನೋತ್ತರ ಬರೆದು ಕೊಟ್ಟಳು. ಪುಸ್ತಕ ಊರೆಲ್ಲ ಓಡಾಡಿತು. ನೀಲಿ ಮುಖಪುಟದಲ್ಲಿ ಮಾಲೀಕನ ಹೆಸರು, ಮಾಲೀಕನ ಫೋಟೊ.

ಸೆಂಟರ್ ಮುಚ್ಚಿತು. ನಲವತ್ತಾರನೇ ವಯಸ್ಸಿನಲ್ಲಿ ಆಕೆ ಮತ್ತೆ ಇಂಟರ್‌ವ್ಯೂಗೆ ಹೋದಳು.

ಗಾಜಿನ ಕೋಣೆ, ತಣ್ಣಗಿನ ಮೇಜು. ಎದುರಿಗೆ ಮೂವತ್ತು ದಾಟದ ಟೀಮ್ ಲೀಡ್, ಪಕ್ಕದಲ್ಲಿ ಎಚ್‌ಆರ್ ಹುಡುಗಿ. ಫಂಕ್ಷನ್ ಎಂಬ ಪ್ರೋಗ್ರಾಂ ತುಣುಕಿನೊಳಗಿನ ಅರೇಯ, ಅಂದರೆ ಅಂಕಿಗಳ ಸಾಲಿನ, ವಿಳಾಸವನ್ನು ಹೊರಗೆ ಕಳಿಸಿದರೆ ಏನಾಗುತ್ತದೆ ಎಂದು ಲೀಡ್ ಕೇಳಿದ.

"ಫಂಕ್ಷನ್ ಮುಗಿದ ತಕ್ಷಣ ಆ ಅರೇಯ ಆಯಸ್ಸೂ ಮುಗೀತು. ವಿಳಾಸ ಕೈಲಿರತ್ತೆ, ಆ ಮನೇಲಿ ಯಾರೂ ಇರಲ್ಲ. ಸರಿಯಾದ ಬೆಲೆ ಕಂಡರೂ ನಂಬಬಾರದು."

ಸ್ಟಾಟಿಕ್ ವೇರಿಯಬಲ್ ಎಲ್ಲಿರುತ್ತದೆ, ಮೆಮೊರಿ ಹಂಚುವ ಮ್ಯಾಲಕ್ ಕೊಟ್ಟ ಜಾಗವನ್ನು ಎರಡು ಸಲ ಫ್ರೀ ಮಾಡಿ ಬಿಟ್ಟುಕೊಟ್ಟರೆ ಏನು? ಆಕೆ ನೀರು ಕುಡಿದಂತೆ ಹೇಳುತ್ತ ಹೋದಳು. ಲೀಡ್ ನಕ್ಕ.

"ಮೇಡಮ್, ಆ ನೀಲಿ ಪುಸ್ತಕ ಪೂರ್ತಿ ಬಾಯಿಪಾಠ ಮಾಡ್ಕೊಂಡು ಬಂದಿದೀರ. 'ಆ ಮನೇಲಿ ಯಾರೂ ಇರಲ್ಲ' ಅನ್ನೋದೂ ಅದರಲ್ಲೇ ಇದೆ."

"ಅದನ್ನ ಬರೆದೋಳು ನಾನೇ."

"ಪುಸ್ತಕದ ಮೇಲೆ ಬೇರೆಯವರ ಹೆಸರಿದೆಯಲ್ಲ?"

ಎಚ್‌ಆರ್ ಹುಡುಗಿ ತಲೆತಗ್ಗಿಸಿ ಏನೋ ಗೀಚಿಕೊಂಡಳು. ವಾದಿಸಿ ಪ್ರಯೋಜನವಿಲ್ಲವೆಂದು ಪಾಯಿಂಟರ್ ಮಿಸ್ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು.

ಲೀಡ್ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ಲಿಂಕ್ಡ್ ಲಿಸ್ಟ್ ಒಂದನ್ನು, ಅಂದರೆ ಪ್ರತಿ ಕೊಂಡಿಯಲ್ಲೂ ಮುಂದಿನದರ ವಿಳಾಸವಿರುವ ಸರಪಳಿಯನ್ನು, ಪೂರ್ತಿ ಅಳಿಸುವ ಪ್ರೋಗ್ರಾಂ: ಮೊದಲು ನೋಡ್ ಎಂಬ ಕೊಂಡಿಯನ್ನು ಫ್ರೀ ಮಾಡು, ಆಮೇಲೆ ಅದೇ ನೋಡಿನಿಂದ ಮುಂದಿನದರ ವಿಳಾಸ ತೆಗೆದುಕೋ. "ಇದು ಸರಿಯಾ?"

ಆಕೆಗೆ ಒಮ್ಮೆಲೇ ಹೊಳೆಯಿತು. ಇದು ಪುಸ್ತಕದ ಮೂವತ್ತೊಂದನೇ ಪ್ರಶ್ನೆ. ಎರಡನೇ ಮುದ್ರಣದಲ್ಲಿ ಡಿಟಿಪಿಯವನು ಎರಡು ಸಾಲು ಅದಲು ಬದಲು ಮಾಡಿದ್ದ. ತಿದ್ದಿಸಿ ಎಂದಾಗ ಮಾಲೀಕ "ಮುಂದಿನ ಸಲ ನೋಡೋಣ" ಅಂದಿದ್ದ.

"ತಪ್ಪು. ಫ್ರೀ ಮಾಡಿದ ಮೇಲೆ ಆ ಜಾಗ ಮುಟ್ಟೋ ಹಾಗಿಲ್ಲ. ಮುಂದಿನ ವಿಳಾಸ ಮೊದಲೇ ಎತ್ತಿಟ್ಕೊಂಡು, ಆಮೇಲೆ ಫ್ರೀ ಮಾಡ್ಬೇಕು."

ಲೀಡ್ ಪಕ್ಕದ ಹಾಳೆ ನೋಡಿದ. ಅದು ಉತ್ತರದ ಪಟ್ಟಿ. "ಇಲ್ಲಿ ಸರಿ ಅಂತಿದೆ. ನಮ್ಮಲ್ಲಿ ಓಡಿಸಿದೀವಿ, ಏನೂ ಆಗಲ್ಲ."

ಬಾಯಿಪಾಠ ಮಾಡಿದ್ದು ಯಾರು ಎಂದು ಕೇಳುವ ಆಸೆಯಾಯಿತು. ಕೇಳಲಿಲ್ಲ. "ಏನೂ ಆಗದೆ ಇರೋದು ಅದೃಷ್ಟ ಅಷ್ಟೆ. ಬಿಟ್ಟ ಜಾಗದ ಮುಂಭಾಗದಲ್ಲಿ ಈ ಮ್ಯಾಲಕ್ ತನ್ನ ಲೆಕ್ಕ ಬರ್ಕೊಳತ್ತೆ. ನಿಮ್ಮ ನೋಡಿನಲ್ಲಿ ಮುಂದೆ ಮೂವತ್ತೆರಡು ಅಕ್ಷರದ ಹೆಸರಿದೆ, ವಿಳಾಸ ಹಿಂದಿದೆ. ಅದಕ್ಕೇ ಉಳ್ಕೊಂಡಿದೆ. ಎರಡನ್ನೂ ಅದಲು ಬದಲು ಮಾಡ್ಲಾ?"

ಅವನು ಹೂಂ ಅನ್ನುವ ಮೊದಲೇ ಕೀಬೋರ್ಡ್ ಎಳೆದುಕೊಂಡಳು. ವಿಳಾಸವನ್ನು ಮೇಲಕ್ಕೆ, ಹೆಸರನ್ನು ಕೆಳಕ್ಕೆ. ಓಡಿಸಿದಳು. ಪ್ರೋಗ್ರಾಂ ಒಂದೇ ಸಾಲು ಕಿರುಚಿ ಸತ್ತಿತು.

ಎಚ್‌ಆರ್ ಹುಡುಗಿಯ ಮುಖದಲ್ಲಿ ನಗು ಬಂದು, ಲೀಡ್ ಕಡೆ ನೋಡಿ ಹಾಗೇ ಇಂಗಿತು. ಲೀಡ್ ಹಾಳೆ ಮಡಿಸಿದ. "ಸರಿ ಮೇಡಮ್, ತಿಳಿಸ್ತೀವಿ."

ಮನೆಗೆ ಹೋಗುವ ದಾರಿಯಲ್ಲೇ ಮಾಲೀಕನಿಗೆ ಫೋನ್ ಮಾಡಿದಳು. "ಆ ಪುಟ ಇನ್ನೂ ತಿದ್ದಿಲ್ವಾ ಸಾರ್? ಕಂಪನಿಯೋರು ಅದನ್ನೇ ವೇದವಾಕ್ಯ ಮಾಡ್ಕೊಂಡಿದಾರೆ."

"ಏಳನೇ ಮುದ್ರಣ ಹೊರಗೆ ಬಂತು ಮೇಡಮ್. ಯಾರಾದ್ರೂ ಕಂಪ್ಲೇಂಟ್ ಮಾಡಿದಾರಾ?"

"ನಾನು ಮಾಡ್ತಿದೀನಲ್ಲ."

"ನಿಮ್ಮನ್ನ ಬಿಟ್ಟು," ಅಂದ ಆತ.

ನಾಲ್ಕನೇ ದಿನ ಪತ್ರ ಬಂತು. ಜ್ಞಾನ ಚೆನ್ನಾಗಿದೆ, ಆದರೆ ತಂಡದ ಜೊತೆ ಹೊಂದಿಕೊಳ್ಳುವುದು ಕಷ್ಟ ಎಂದು ಬರೆದಿದ್ದರು. ಗಂಡ ಎರಡು ಸಲ ಓದಿದ.

"ಸರಿ ಅಂದ್ಬಿಟ್ಟಿದ್ರೆ ಏನ್ ಗಂಟು ಹೋಗ್ತಿತ್ತು ನಿಂದು? ಕೆಲಸ ಸಿಗ್ತಿತ್ತು."

"ಸಿಗ್ತಿತ್ತು," ಅಂದಳು. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ನಿಜವೇ ಅನ್ನುವುದೇ ಎದೆಗೆ ಚುಚ್ಚಿತು.

ಮುಂದಿನ ತಿಂಗಳು ಒಂದು ಬ್ಯಾಂಕಿನ ಸಹಾಯವಾಣಿಗೆ ಸೇರಿದಳು. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವ ಕೆಲಸ. ದಿನಕ್ಕೆ ತೊಂಬತ್ತು ಕರೆ. ಹೇಳಬೇಕಾದ ಮಾತೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಕೊಟ್ಟಿದ್ದರು. ಅದರಾಚೆ ಒಂದು ಅಕ್ಷರ ಆಡುವಂತಿರಲಿಲ್ಲ. ಮೊದಲ ವಾರದಲ್ಲೇ ಮೇಲ್ವಿಚಾರಕಿ ಬೆನ್ನು ತಟ್ಟಿದಳು. "ಎಷ್ಟು ಬೇಗ ಬಾಯಿಪಾಠ ಮಾಡಿದ್ರಿ ಮೇಡಮ್!"

ಆಕೆ ಥ್ಯಾಂಕ್ಸ್ ಅಂದು ಮುಂದಿನ ಕರೆ ಎತ್ತಿದಳು.