ಆಟೋ ಮನೆ ದಾಟುವಷ್ಟರಲ್ಲಿ

ಮರುದಿನ ನಮ್ಮೂರು ಹರಿಯಬ್ಬೆಯಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಶಿಬಿರವಿತ್ತು. ಆಟೋದ ಮೈಕಿನಲ್ಲಿ ಕೂಗುವ ಪ್ರಕಟಣೆಯನ್ನು ನಾನು ಬರೆದೆ. ಪಶುವೈದ್ಯೆ ಓದಿ, "ಚಿಕ್ಕದು ಮಾಡ್ರಿ" ಅಂದರು. ಮಾಡಿದೆ. "ಇನ್ನೂ ಚೆನ್ನಾಗಿ ಬರ್ಲಿ" ಅಂದರು. ನನಗೆ ರೇಗಿತು.

"ಎಷ್ಟು ಚಿಕ್ಕದು ಬೇಕು, ಎಲ್ಲಿ ಸರಿಯಿಲ್ಲ, ಅದನ್ನ ಹೇಳ್ರಿ ಮೇಡಂ."

ಅವರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಆಟೋ ಒಂದು ಮನೆ ದಾಟೋದ್ರೊಳಗೆ ಮುಗೀಬೇಕು. ನೀವು ದಿನ, ಜಾಗ ಕೊನೆಗೆ ಹಾಕೀರಿ, ಅವು ಮೊದ್ಲು ಬರ್ಲಿ."

ನನಗೆ ಇಷ್ಟೇ ಬೇಕಿತ್ತು. ಆಮೇಲೆ ಕೈ ನಿಲ್ಲಲಿಲ್ಲ. "ಸಮಸ್ತ ಕುರಿಗಾಹಿ ಬಾಂಧವರಲ್ಲಿ ವಿನಂತಿ"ಯನ್ನೆಲ್ಲ ಹೊಡೆದುಹಾಕಿ ಒಂದೇ ಸಾಲು ಬರೆದೆ: "ನಾಳೆ ಬೆಳಗ್ಗೆ ಶಾಲೆ ಮೈದಾನಕ್ಕೆ ಕುರಿ ಹೊಡ್ಕಂಡು ಬರ್ರಿ, ಲಸಿಕೆ ಹಾಕ್ತಾರೆ."

ಸಂಜೆ ಆಟೋ ನಮ್ಮ ಬೀದಿಗೆ ಬಂದಾಗ ಬಾಗಿಲಿಗೆ ಬಂದು ನಿಂತೆ. ಅದು ಮೂಲೆ ತಿರುಗುವ ಮೊದಲೇ ಎದುರುಮನೆಯ ಅಜ್ಜ ಮಗನನ್ನು ಕೂಗಿದರು: "ಲೇ, ನಾಳೆ ಕುರಿ ಮೇಯಾಕೆ ಬಿಡಬ್ಯಾಡ, ಶಾಲೆತಾಕೆ ಹೊಡಿ."