ಮೂರು ನಿಮಿಷದಲ್ಲಿ ನಮ್ಮವರ ಹೆಸರು

ಕಂಪನಿ ಕಟ್ಟಿದವರ ಕಥೆ ಹೇಳುವ ವಿಡಿಯೋಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅವನ್ನು ಬರೆದೇ ಹೊಟ್ಟೆ ಹೊರೆಯುತ್ತೇನೆ. ನಾರ್ತ್ ಸಿಡ್ನಿಯ ಐಟಿ ಕೆಲಸ ಬಿಟ್ಟು ಈ ಕಸುಬಿಗೆ ಬಿದ್ದ ಮೇಲೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ಉಪ್ಪಿನಕಾಯಿಯವರಿರಲಿ, ಸಾಬೂನಿನವರಿರಲಿ, ಎಲ್ಲರಿಗೂ ಒಬ್ಬ ಅಜ್ಜಿ ಬೇಕು. ಆ ಅಜ್ಜಿಗೊಂದು ಗುಟ್ಟು ಬೇಕು. ಕೊನೆಗೆ ಸೂರ್ಯ ಹುಟ್ಟಬೇಕು. ಗೌರಕ್ಕನ ಮೊಸರಿನ ಕೆಲಸ ಬಂದಾಗಲೂ ನಾನು ಅಜ್ಜಿಯನ್ನು ಹುಡುಕಿಕೊಂಡೇ ಮೆಲ್ಬೋರ್ನ್ ವಿಮಾನ ಹತ್ತಿದೆ.

ಗೌರಕ್ಕ ಬೈಲಹೊಂಗಲದ ಕಡೆಯವರು, ಅರವತ್ತು ದಾಟಿದವರು. ಮಗಳು ನೇತ್ರಾಳ ಜೊತೆ ಗ್ಲೆನ್ ವೇವರ್ಲಿಯಲ್ಲಿ ಮನೆ. ಕ್ಲೇಟನ್ ಹತ್ತಿರ, ಟೈರ್ ಅಂಗಡಿ ಮತ್ತು ಪ್ರಿಂಟಿಂಗ್ ಗೋದಾಮಿನ ನಡುವೆ, ಲೈಸೆನ್ಸ್ ಪಡೆದ ಪುಟ್ಟದೊಂದು ಡೈರಿ. ಮೊಸರಿನ ಹೆಸರು ‘ಕೆನೆ’. ಮೆಲ್ಬೋರ್ನ್‌ನ ಇಂಡಿಯನ್ ಅಂಗಡಿಗಳಲ್ಲಿ ಅದಾಗಲೇ ಓಡುತ್ತಿತ್ತು. ಈಗ ಸಿಡ್ನಿಯ ದೊಡ್ಡ ದಿನಸಿ ಕಂಪನಿಯೊಂದು ತನ್ನ ಅಂಗಡಿಗಳಲ್ಲಿ ಇಡಲು ಒಪ್ಪಿ, ಮೂರು ನಿಮಿಷದ ವಿಡಿಯೋ ಕೇಳಿತ್ತು. ಅಲ್ಲಿನ ಖರೀದಿಯ ಮುಖ್ಯಸ್ಥೆ ಹೆಲನ್ ಹೇಳಿದ್ದು ಇಷ್ಟೇ: ಕಟ್ಟಿದವರೇ ತಮ್ಮ ಭಾಷೆಯಲ್ಲಿ ಮಾತಾಡಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರಲಿ, ಬೇರೆಯವರ ಧ್ವನಿ ಬೇಡ.

ಗೌರಕ್ಕನೂ ಒಂದೇ ಒಂದು ಷರತ್ತು ಹಾಕಿದರು. “ನನ್ನ ಮಾರಿ ಇರಲಿ, ಬಿಡಲಿ. ನಮ್ಮವರ ಸುದ್ದಿ ಇರಬೇಕ ನೋಡ ತಂಗಿ. ಅವರಿಲ್ಲಂದ್ರ ಈ ಮಸರೂ ಇಲ್ಲ.”

ನಮ್ಮವರು ಎಂದರೆ ಗಂಡ. ಕ್ಲೇಟನ್‌ನ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವರು, ಹೋದ ವರ್ಷ ತೀರಿಕೊಂಡವರು. “ಅದೇನ್ ದೊಡ್ಡ ವಿಷ್ಯ ಗೌರಕ್ಕ, ಖಂಡಿತ ಹಾಕೋಣ” ಎಂದೆ. ಹೆಸರನ್ನು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನೇತ್ರಾ ಕಳಿಸಿದ್ದ ಕಾಗದಗಳಲ್ಲಿ ಇದ್ದೇ ಇತ್ತು, ಚನ್ನಬಸಯ್ಯ ಎಂದು.

ಅವರ ಕಥೆ ಕೇಳುತ್ತ ಕೇಳುತ್ತ ನನ್ನ ಅಜ್ಜಿ ಮಾಯವಾದಳು. ಈ ದೇಶಕ್ಕೆ ಬಂದ ಹೊಸದರಲ್ಲಿ ಗೌರಕ್ಕ ಅಂಗಡಿಯ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇನೋ ಆಗುತ್ತಿತ್ತು, ಮೇಲೆ ಕೆನೆ ಮಾತ್ರ ಕಟ್ಟುತ್ತಿರಲಿಲ್ಲ. “ನನ್ನ ಕೈಯಾಗಿನ ಗುಣಾನೇ ಹೋತು ಅಂತ ಅತ್ತಿದ್ದೆ,” ಎಂದರು. ಚನ್ನಬಸಯ್ಯ ಹೆಂಡತಿಯನ್ನು ಸಮಾಧಾನ ಮಾಡುವ ಗೋಜಿಗೆ ಹೋಗದೆ ಹಾಲಿನ ಬೆನ್ನು ಹತ್ತಿದರು. ಇಲ್ಲಿನ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ಒಡೆದು ಒಂದೇ ಸಮ ಬೆರೆಸಿರುತ್ತಾರೆ, ಅದಕ್ಕೇ ಕೆನೆ ಬೇರೆಯಾಗಿ ಮೇಲೇಳುವುದಿಲ್ಲ. ಹಾಗೆ ಒಡೆಯದ, ಬರಿಯ ಪಾಶ್ಚರೈಸ್ ಮಾಡಿದ ಹಾಲು ಕೊಡುವ ಕುಟುಂಬವೊಂದನ್ನು ಅವರು ಗಿಪ್ಸ್‌ಲ್ಯಾಂಡಿನಲ್ಲಿ ಹುಡುಕಿಕೊಂಡು ಬಂದರು. ಅತ್ತಿದ್ದ ಹೆಂಡತಿಗಾಗಿ ಗಂಡ ಹಾಲು ಹುಡುಕುತ್ತ ಇನ್ನೊಂದು ಜಿಲ್ಲೆಗೆ ಹೋದ ಎಂಬ ಕಥೆ ಕೈಯಲ್ಲಿದ್ದಾಗ ಗುಟ್ಟಿನ ಅಜ್ಜಿ ಯಾರಿಗೆ ಬೇಕು?

ಸ್ಕ್ರಿಪ್ಟು ಬರೆದೆ. ಎಡಗಡೆ ಕಾಣುವುದು, ಬಲಗಡೆ ಕೇಳುವುದು. ಮೂರು ನಿಮಿಷಕ್ಕೆ ಇನ್ನೂರೈವತ್ತು ಕನ್ನಡ ಪದಗಳ ಮೇಲೆ ತುರುಕಿದರೆ ಚಿತ್ರಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. ಗೌರಕ್ಕ ಬಾಯಿಪಾಠ ಒಪ್ಪಿಸಬಾರದೆಂದು ಮೊದಲು ಸುಮ್ಮನೆ ಮಾತಾಡಿಸಿ, ಅವರ ಮಾತನ್ನೇ ಕತ್ತರಿಸಿ ಜೋಡಿಸಿದೆ.

ದೃಶ್ಯ ಒಂದು. ಹತ್ತು ಸೆಕೆಂಡು. ಚಮಚ ಕೆನೆಯನ್ನು ಸೀಳುತ್ತದೆ. ತೀರಾ ಹತ್ತಿರದಿಂದ.
ಗೌರಕ್ಕ: “ಈ ಕೆನಿ ಸಲುವಾಗಿ ನಾ ಒಮ್ಮೆ ಅತ್ತೇನಿ.”

ದೃಶ್ಯ ಎರಡು. ಮೂವತ್ತೈದು ಸೆಕೆಂಡು. ಗಿಪ್ಸ್‌ಲ್ಯಾಂಡಿನ ದಾರಿ, ತಂಪು ಪೆಟ್ಟಿಗೆಯ ವ್ಯಾನು.
ಗೌರಕ್ಕ: “ನಮ್ಮವರು ಹಾಲು ಹುಡುಕಿದ್ರು. ತಾವೇ ಗಾಡಿ ಹೊಡಕೊಂಡು ಹೋಗಿ ತಂದ್ರು.”

ದೃಶ್ಯ ಮೂರು. ಐವತ್ತು ಸೆಕೆಂಡು. ಡೈರಿಯ ಒಳಗೆ. ಹಾಲು ಕಾಯುವುದು, ಆರುವುದು, ಹೆಪ್ಪು ಬೀಳುವುದು.
ಗೌರಕ್ಕ: “ಹೆಪ್ಪು ನಾ ಹಾಕತಿದ್ದೆ. ಹುಳಿ ಅವರು ಅಳೀತಿದ್ರು. ಮಸರು ಅಲುಗ್ಯಾಡಬಾರ್ದು ಅಂತ ಇಬ್ಬರೂ ಮೆಲ್ಲಕ ಮಾತಾಡತಿದ್ವಿ.”

ಉಳಿದ ಸಮಯವೆಲ್ಲ ಅಂಗಡಿಗಳಿಗೆ, ಮಗಳಿಗೆ, ಲೋಗೋಗೆ.

ಮೂರನೆಯ ದೃಶ್ಯ ಚಿತ್ರಿಸಿದ ದಿನ ನನಗೆ ಮೈ ಜುಮ್ಮೆಂದಿತು. ತಲೆಗೆ ಜಾಲರಿ ಟೋಪಿ, ಕಾಲಿಗೆ ಅವರೇ ಕೊಟ್ಟ ಬೂಟು, ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳನ್ನೂ ಒರೆಸಿಯೇ ಒಳಗೆ ಬಿಟ್ಟರು. ಕಾಯಿಸಿದ ಹಾಲನ್ನು ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚು ಬಿಸಿ ಉಳಿಯುವಂತೆ ಆರಿಸಿ, ಹೆಪ್ಪು ಬೆರೆಸಿ, ಡಬ್ಬಿಗಳಿಗೆ ತುಂಬಿ ಬೆಚ್ಚನೆಯ ಕೋಣೆಯಲ್ಲಿಟ್ಟು ಬಾಗಿಲು ಎಳೆದರು. ಗಾಜಿನ ಕಿಂಡಿಯಲ್ಲಿ ನೋಡಿದರೆ ಡಬ್ಬಿಗಳ ಸಾಲು, ಮತ್ತೇನಿಲ್ಲ. ಆದರೂ ಆ ಬಿಳಿಯ ನೀರು ಗಂಟೆಗಳು ಕಳೆದ ಹಾಗೆ ತಾನೇ ತಾನಾಗಿ ಗಟ್ಟಿಯಾಗುತ್ತಿದೆ, ಜೀವ ಇರುವ ಏನೋ ಅದರೊಳಗೆ ದುಡಿಯುತ್ತಿದೆ ಎಂಬುದು ಮೊದಲ ಸಲ ತಲೆಗೆ ಇಳಿಯಿತು. ಹುಟ್ಟಿದಾಗಿನಿಂದ ಮೊಸರನ್ನ ತಿಂದವಳು ನಾನು. ಈ ಗಳಿಗೆಯವರೆಗೆ ಒಮ್ಮೆಯೂ ಬೆರಗಾಗಿರಲಿಲ್ಲ. ಗೌರಕ್ಕ ಪಕ್ಕದಲ್ಲಿ ನಿಂತು, ಯಾರನ್ನೋ ಎಬ್ಬಿಸಬಾರದೆಂಬ ದನಿಯಲ್ಲಿ, “ದಿನಾ ಆಗತೈತಿ. ದಿನಾ ನಂಬಾಕ ಆಗಂಗಿಲ್ಲ” ಎಂದರು.

ಸಿಡ್ನಿಗೆ ಮರಳಿ ಎಡಿಟರ್ ಅಭಿನವನ ಕೈಗೆ ಕೊಟ್ಟೆ. ಅವನು ಪಾರಮಟ್ಟಾದಲ್ಲಿ ಬೆಳೆದವನು. ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಸಬ್‌ಟೈಟಲ್ ಅವನೇ ಮಾಡಿದ. ನಾನು ಜ್ವರ ಬಂದು ಮಲಗಿದ್ದೆ, ಕಡೆಯ ಸಲ ನೋಡದೆಯೇ ಅದು ಹೆಲನ್‌ಗೆ ಹೋಯಿತು. ಅವಳಿಂದ ಬಂದ ಉತ್ತರ ಹೊಗಳಿಕೆಯೋ ಹೊಗಳಿಕೆ. ಇಡೀ ಸಮುದಾಯ ಸೇರಿ ಕಟ್ಟಿದ ಡೈರಿ, ಎಂಥ ಸುಂದರ ಕಥೆ, ಡಬ್ಬಿಯ ಮೇಲೂ ಹಾಗೆಯೇ ಬರೆಸೋಣವೇ ಎಂದು ಕೇಳಿದ್ದಳು.

ಯಾವ ಸಮುದಾಯ? ವಿಡಿಯೋ ತೆರೆದು ನೋಡಿದೆ. ‘ನಮ್ಮವರು’ ಅಂದಲ್ಲೆಲ್ಲ ‘ಅವರ್ ಪೀಪಲ್’, ಅಂದರೆ ನಮ್ಮ ಜನ. ‘ಅವರು’ ಅಂದಲ್ಲೆಲ್ಲ ‘ದೇ’. ಗೌರಕ್ಕ ಬಹುವಚನದ ಮರ್ಯಾದೆ ಕೊಟ್ಟ ಒಬ್ಬ ಗಂಡ, ಇಂಗ್ಲಿಷಿಗೆ ಬರುವಷ್ಟರಲ್ಲಿ ಊರೆಲ್ಲ ಆಗಿಬಿಟ್ಟಿದ್ದ.

“ಗ್ರಾಮರ್ ಕರೆಕ್ಟ್ ಇದೆಯಲ್ಲ? ಅವರು ಈಸ್ ಪ್ಲೂರಲ್” ಎಂದ ಅಭಿನವ.

“ನಿನ್ನ ಗ್ರಾಮರ್‌ಗೆ ಬೆಂಕಿ ಹಾಕ! ಅವರು ಗಂಡ ಕಣೋ.”

ಅಷ್ಟರಲ್ಲಿ ನೇತ್ರಾಳ ಫೋನು. ವಿಡಿಯೋ ನೋಡಿ ಅವಳಿಗೆ ನಗು ತಡೆಯಲಾಗಿರಲಿಲ್ಲ. ಯಾಕೆ ನಗ್ತೀ ಎಂದು ಕೇಳಿದ ಅವ್ವನಿಗೆ ಅರ್ಥ ಹೇಳಿದ ಮೇಲೆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಗೌರಕ್ಕ ಕೇಳಿದ್ದು ಒಂದೇ ಮಾತಂತೆ: “ಹಂಗಾರ ಅವರು ಇದರಾಗ ಇಲ್ಲೇ ಇಲ್ಲ?”

ಸಬ್‌ಟೈಟಲಿನಲ್ಲಿ ‘ನನ್ನ ಗಂಡ ಚನ್ನಬಸಯ್ಯ’ ಎಂದು ತಿದ್ದಿದರೆ ಮುಗಿಯಿತು, ಐದು ನಿಮಿಷದ ಕೆಲಸ ಎಂದೆ. ಗೌರಕ್ಕ ಒಪ್ಪಲಿಲ್ಲ. ಫೋನಿನಲ್ಲಿ ಅವರ ದನಿ ಗಟ್ಟಿಯಾಗಿತ್ತು. “ನನ್ನ ಬಾಯಾಗ ಬರದ ಹೆಸರು ಕೆಳಗ ಬರದ್ರ ಸುಳ್ಳ ಆಗತೈತಿ. ನೀ ಇನ್ನೊಮ್ಮೆ ಬಾ.”

ಬೈದುಕೊಳ್ಳುತ್ತಲೇ ಹೋದೆ. ಡೈರಿಯಲ್ಲಿ ನೇತ್ರಾ ಉಪಾಯ ಹುಡುಕಿಟ್ಟಿದ್ದಳು. “ಅವ್ವಾ, ನಾನೇ ಹೇಳ್ತೀನಿ. ಮೈ ಡ್ಯಾಡ್ ಚನ್ನಬಸಯ್ಯ ಅಂತ ಒಂದ್ ಲೈನ್. ಡನ್.”

“ನಿನಗ ಅಪ್ಪ. ನನಗ?” ಎಂದರು ಗೌರಕ್ಕ.

ಆಮೇಲೆ ನನ್ನ ಕಡೆ ತಿರುಗಿ ವಿವರಿಸಿದರು. ಅವರ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಇಲ್ಲಿಯ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದಾಗ ಮಾತಾಡದೆ ಅವರ ಕಾರ್ಡು ಮುಂದೆ ತಳ್ಳಿದ್ದರಂತೆ, ಆ ಹುಡುಗಿ ಇವರಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ಕೂಗಿ ಕೂಗಿ ಮಾತಾಡಿಸಿದ್ದಳಂತೆ. ಮದುವೆ, ಸೀಮಂತಗಳಲ್ಲಿ ಮಾತ್ರ ಹೆಂಗಸರು ಸೇರಿ ಒತ್ತಾಯ ಮಾಡಿದಾಗ, ಪ್ರಾಸದ ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ.

“ಹಾಗಿದ್ರೆ ಒಡಪು ಹೇಳಿ ಗೌರಕ್ಕ!”

“ಅದು ಮುತ್ತೈದೇರು ಹೇಳೂದು, ತಂಗಿ. ಗಂಡ ಹೋದ ಮ್ಯಾಲ ಹೇಳಂಗಿಲ್ಲ.”

“ಹೇಳಬಾರ್ದು ಅಂತ ಯಾರಂದ್ರು?”

“ಯಾರೂ ಅಂದಿಲ್ಲ. ಆದ್ರ ಯಾರೂ ಹೇಳಿದ್ದೂ ನಾ ಕೇಳಿಲ್ಲ.”

ನಾನು ಸ್ಕ್ರಿಪ್ಟಿನ ಹಾಳೆ ಮಡಚಿಟ್ಟೆ. ಬಿಟ್ಟುಕೊಡುವುದು ನನ್ನ ಸ್ವಭಾವವಲ್ಲ. ಆದರೆ ಇದು ನಾನು ಬರೆದುಕೊಡುವ ಸಾಲಲ್ಲ ಎಂಬುದು ನನಗೂ ತಿಳಿಯಿತು.

ಗೌರಕ್ಕ ಎದ್ದು ಕೈ ತೊಳೆದರು, ಜಾಲರಿ ಟೋಪಿ ಸರಿಮಾಡಿಕೊಂಡರು, ಬೆಚ್ಚನೆಯ ಕೋಣೆಯ ಕಿಂಡಿಗೆ ಬೆನ್ನು ಮಾಡಿ ನಿಂತರು. ಅವರ ಹಿಂದೆ ಅಂದಿನ ಡಬ್ಬಿಗಳು ಮೊಸರಾಗುತ್ತಿದ್ದವು. “ಹಚ್ಚು” ಎಂದರು. ಕ್ಯಾಮೆರಾ ಹಚ್ಚಿದೆ. ತುಟಿ ಅಲುಗಿತು, ಮಾತು ಬರಲಿಲ್ಲ. ಮತ್ತೆ ಅಲುಗಿತು. ನೇತ್ರಾ ಮುಂದೆ ಹೆಜ್ಜೆಯಿಡಲು ಹೋದಳು, ನಾನು ಅವಳ ತೋಳು ಹಿಡಿದೆ. ಆಮೇಲೆ ಗೌರಕ್ಕ ನೇರ ಕ್ಯಾಮೆರಾ ನೋಡಿ, ಹಾಡೂ ಅಲ್ಲದ ಮಾತೂ ಅಲ್ಲದ ದನಿಯಲ್ಲಿ ಹೇಳಿದರು:

“ಹಾಲಿಗೆ ಹೆಪ್ಪ ಹಾಕಿ ಬೆಚ್ಚಗ ಮುಚ್ಚಿಟ್ಟೆ,
ಚನ್ನಬಸಯ್ಯನವರ ಹೆಸರ ಎದಿಯಾಗ ಬಚ್ಚಿಟ್ಟೆ.”

ನೇತ್ರಾ ತಾನು ಹುಟ್ಟಿ ಬೆಳೆದ ಮನೆಯಲ್ಲಿ ಆ ಹೆಸರು ಅವ್ವನ ಬಾಯಿಂದ ಬಂದದ್ದನ್ನು ಎಂದೂ ಕೇಳಿರಲಿಲ್ಲ. ಅವಳು ಗೋಡೆಗೆ ಒರಗಿ ಅಳತೊಡಗಿದಳು. ಕೋಟಿಗಟ್ಟಲೆ ಸುರಿದು ತೆಗೆದ ಜಾಹೀರಾತುಗಳ ನಡುವೆ ಬದುಕಿದವಳು ನಾನು. ಒಂದು ಹೆಸರು ಹೇಳುವುದಕ್ಕೆ ಇಷ್ಟು ಧೈರ್ಯ ಬೇಕಾದದ್ದನ್ನು, ಹೇಳಿದ ಮೇಲೆ ಒಂದು ಮುಖ ಇಷ್ಟು ಬೆಳಗಿದ್ದನ್ನು ಎಲ್ಲಿಯೂ ಕಂಡಿಲ್ಲ. ಕ್ಯಾಮೆರಾ ನಿಲ್ಲಿಸಬೇಕೆಂಬುದೇ ಮರೆತುಹೋಯಿತು.

ಆ ಮರೆವೇ ಒಳ್ಳೆಯದಾಯಿತು. ಒಡಪಿನ ಮುಂದಿನ ಮೌನ, ಹಿಂದಿನ ಮೌನ, ಎರಡನ್ನೂ ಉಳಿಸಿಕೊಂಡೆ. ಮೂರು ನಿಮಿಷ ಮೀರಬಾರದಲ್ಲ, ಅಂಗಡಿಗಳನ್ನು ಕಿತ್ತೆ, ಲೋಗೋವನ್ನು ಎರಡು ಸೆಕೆಂಡಿಗೆ ಇಳಿಸಿದೆ. ಹಿಂದಿನ ದೃಶ್ಯಗಳಲ್ಲಿ ‘ದೇ’ ಹೋಗಿ ‘ನನ್ನ ಗಂಡ’ ಬಂದ. ಒಡಪಿನ ಕೆಳಗೆ ಏನು ಹಾಕಬೇಕೆಂದು ಅಭಿನವ ಕೇಳಿದ. ಪ್ರಾಸ ಇಂಗ್ಲಿಷಿಗೆ ಬಗ್ಗಲಿಲ್ಲ. ಹೆಸರೊಂದನ್ನೇ ಹಾಕಿಸಿದೆ. ಹೆಲನ್ ಒಪ್ಪಿದಳು, ಸಮುದಾಯದ ಮಾತನ್ನು ಅವಳೇ ಕೈಬಿಟ್ಟಳು.

ಮುಗಿದ ವಿಡಿಯೋವನ್ನು ಗೌರಕ್ಕನಿಗೆ ಡೈರಿಯಲ್ಲೇ, ನೇತ್ರಾಳ ಲ್ಯಾಪ್‌ಟಾಪಿನಲ್ಲಿ ತೋರಿಸಿದೆವು. ಹೆಸರು ಬಂದ ಕಡೆ ಅವರು ಪಕ್ಕಕ್ಕೆ, ಗಂಡ ಹುಳಿ ಅಳೆಯುತ್ತಿದ್ದ ಮೇಜಿನ ಕಡೆಗೆ, ತಟ್ಟನೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

“ಕರೆದ್ರ ‘ಓ’ ಅನ್ನಾವರು ಇದ್ದಾಗ ಹೆಸರ ಹಿಡದು ಕರೀಲಿಲ್ಲ,” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನ ಇನ್ನೊಮ್ಮೆ ಹಚ್ಚ ತಂಗಿ, ಈಗ ಕರೀತೀನಿ” ಎಂದರು.