ಸಹಿ ಬಿದ್ದ ಪ್ರೂಫು

ನೇತ್ರಾವತಿಗೆ ಸಿಟ್ಟು ಬಂದರೆ ಮುಖದ ಮೇಲೆ ಕಾಣುವುದಿಲ್ಲ. ಅದು ಒಳಗೆ ಹೋಗಿ ಕೂತುಬಿಡುತ್ತದೆ. ಕೂತಿದ್ದು ಏಳುವುದೂ ಇಲ್ಲ.

ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಅವಳು ಪ್ರೂಫ್ ನೋಡುತ್ತಾಳೆ. ಬೆಳಿಗ್ಗೆ ಹರದನಹಳ್ಳಿಯ ಮನೆಯಲ್ಲಿ ಮಗಳು ನಿಧಿಯನ್ನು ಅತ್ತೆ ಬೀರಮ್ಮನ ಕೈಗೆ ಕೊಟ್ಟು, ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಹಾಸನದ ಬಸ್ಸು ಹತ್ತುತ್ತಾಳೆ. ಮಗು ಸೀನಿದ ದಿನ ದಾರಿಯುದ್ದಕ್ಕೂ ಮನಸ್ಸು ಮನೆಯಲ್ಲೇ. ಆದರೆ ಕುರ್ಚಿಯ ಮೇಲೆ ಕೂತು ಕೆಂಪು ಪೆನ್ನು ಹಿಡಿದರೆ ಮುಗಿಯಿತು, ಕಣ್ಣು ಅಕ್ಷರ ಬಿಟ್ಟು ಕದಲುವುದಿಲ್ಲ.

ಅವಳೊಳಗೆ ಕೂತಿದ್ದ ಸಿಟ್ಟಿನ ಹೆಸರು ತಿರುನಾರಾಯಣ. ಗ್ರಾಮೀಣ ಕಟ್ಟಡಗಳ ಉಪವಿಭಾಗದ ಕಚೇರಿಯಲ್ಲಿ ಟೆಂಡರ್ ಕಡತಗಳನ್ನು ನೋಡುವ ಗುಮಾಸ್ತ. ಕಳೆದ ವರ್ಷ ಅರಕಲಗೂಡಿನಲ್ಲಿದ್ದಾಗ ಅವರು ಕಳಿಸಿದ ಟೆಂಡರ್ ಪ್ರಕಟಣೆಯಲ್ಲಿ ಕೊನೆಯ ದಿನಾಂಕವೇ ತಪ್ಪಿತ್ತು. ಬರೆದವರು ಅವರೇ. ಆದರೂ ನೇರ ಪತ್ರಿಕೆಯ ಕಚೇರಿಗೆ ಬಂದು ಸಂಪಾದಕ ಕೇದಾರ್ ಮುಂದೆ, ಎಲ್ಲರೂ ಕೇಳುವ ಹಾಗೆ ಹೇಳಿದ್ದರು: "ಎದೆಹಾಲು ಕುಡಿಸೋ ಹೆಂಗಸಿನ ಕೈಗೆ ಪ್ರೂಫ್ ಕೊಟ್ರೆ ಇನ್ನೇನಾಗತ್ತೆ ಸ್ವಾಮಿ? ನಿದ್ದೆಗಣ್ಣಲ್ಲಿ ನೋಡಿರ್ತಾಳೆ."

ಕೇದಾರ್ ಜಾಹೀರಾತು ಕೊಡುವವರ ಮಾತನ್ನು ತೆಗೆದುಹಾಕಲಿಲ್ಲ. ನೇತ್ರಾವತಿಯನ್ನು ಕಾಯಂ ಮಾಡುವ ಮಾತು ಅಲ್ಲಿಗೇ ನಿಂತಿತು. ಜೊತೆಗೆ ಒಂದು ಹೊಸ ನಿಯಮ ಬಂತು. ಇನ್ನು ಮೇಲೆ ಸರ್ಕಾರಿ ಕಚೇರಿಯ ಯಾವ ಪ್ರಕಟಣೆಯೂ ಆ ಕಚೇರಿಯವರು ಪ್ರೂಫ್ ನೋಡಿ ಸಹಿ ಹಾಕದೆ ಅಚ್ಚಿಗೆ ಹೋಗಕೂಡದು. ಪ್ರತಿಯಲ್ಲಿ ಇದ್ದದ್ದು ಇದ್ದ ಹಾಗೆ ಅಚ್ಚಾಗಬೇಕು. ಅನುಮಾನವಿದ್ದರೆ ಅಂಚಿನಲ್ಲಿ ಪ್ರಶ್ನೆ ಬರೆಯಬಹುದು, ತಿದ್ದುವಂತಿಲ್ಲ.

ಈ ವರ್ಷ ತಿರುನಾರಾಯಣ ಹೊಳೆನರಸೀಪುರದ ಕಚೇರಿಗೆ ವರ್ಗವಾಗಿ ಬಂದರು. ಹಳ್ಳಿಮೈಸೂರು ಹೋಬಳಿಯ ಅಂಗನವಾಡಿಗಳ ಸೂರು ರಿಪೇರಿಗೆ ಅವರು ಬರೆದ ಟೆಂಡರ್ ಪ್ರಕಟಣೆ ಒಂದು ಮಧ್ಯಾಹ್ನ ನೇತ್ರಾವತಿಯ ಮೇಜಿಗೆ ಬಂತು.

ಮೊದಲ ಸಲ ಓದಿದಾಗಲೇ ಅವಳಿಗೆ ಗೊತ್ತಾಯಿತು, ಇದು ಹೊಸದಾಗಿ ಬರೆದದ್ದಲ್ಲ. ಆ ಕಚೇರಿಗಳಲ್ಲಿ ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೆಯ ಪ್ರಕಟಣೆಯನ್ನೇ ಕಂಪ್ಯೂಟರಿನಲ್ಲಿ ತೆರೆದು, ಅದರ ಮೇಲೆ ಹೊಸದನ್ನು ಕೂರಿಸುತ್ತಾರೆ. ತಿರುನಾರಾಯಣ ಅರಕಲಗೂಡಿನದನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಂದಿದ್ದರು. ತಲೆಬರಹದಲ್ಲಿ ಹೊಳೆನರಸೀಪುರ ಉಪವಿಭಾಗ ಎಂದಿತ್ತು. ಕೆಳಗೆ, ಸಹಿಯ ಜಾಗದಲ್ಲಿ, ಅರಕಲಗೂಡು ಉಪವಿಭಾಗ ಹಾಗೇ ಉಳಿದಿತ್ತು. ಟೆಂಡರ್ ಕರೆದವರು ಯಾರು?

ಎರಡನೆಯದು ಅರ್ಹತೆ. ಮೇಲೆ 'ನಾಲ್ಕನೇ ದರ್ಜೆ ಮತ್ತು ಮೇಲ್ಪಟ್ಟ ನೋಂದಾಯಿತ ಗುತ್ತಿಗೆದಾರರಿಂದ' ಎಂದು ಕರೆದು, ಷರತ್ತುಗಳಲ್ಲಿ 'ಒಂದನೇ ದರ್ಜೆಯವರು ಮಾತ್ರ ಅರ್ಹರು' ಎಂದಿತ್ತು. ಮೂರನೆಯದನ್ನು ಕಂಡು ಅವಳಿಗೆ ನಗುವೇ ಬಂತು. ಪೋರ್ಟಲ್‌ನಲ್ಲಿ ಟೆಂಡರ್ ಸಲ್ಲಿಸಲು ಕೊನೆಯ ದಿನ ಇಪ್ಪತ್ತನಾಲ್ಕು. ತಾಂತ್ರಿಕ ಬಿಡ್ ತೆರೆಯುವುದು ಇಪ್ಪತ್ತಮೂರು. ಬಾಗಿಲು ಮುಚ್ಚುವ ಮುಂಚೆಯೇ ಒಳಗಿದ್ದವರನ್ನು ಎಣಿಸಿದ ಹಾಗೆ.

ಬೇರೆ ಯಾವ ಕಚೇರಿಯದ್ದಾಗಿದ್ದರೂ ಅವಳು ಆಗಲೇ ಫೋನು ಮಾಡುತ್ತಿದ್ದಳು. ಚನ್ನರಾಯಪಟ್ಟಣದ ಕಚೇರಿಯವರು ಅವಳ ಫೋನಿಗೇ ಕಾಯುತ್ತಾರೆ. ಇವತ್ತು ಅವಳು ಫೋನಿಗೆ ಕೈ ಹಾಕಲಿಲ್ಲ. ಮೂರೂ ಕಡೆ ಗೆರೆ ಎಳೆದು, ಅಂಚಿನಲ್ಲಿ ಕೆಂಪಿನಲ್ಲಿ, ಮಗುವಿಗೂ ಓದಲು ಬರುವಷ್ಟು ದುಂಡಗೆ ಬರೆದಳು: 'ಕಚೇರಿಯ ಹೆಸರು ಯಾವುದು?', 'ಯಾವ ದರ್ಜೆ?', 'ಕೊನೆಯ ದಿನಕ್ಕೆ ಮುಂಚೆಯೇ ತೆರೆಯುವುದೇ?'

ಅವಳಿಗೆ ಆ ಮನುಷ್ಯ ಗೊತ್ತು. ಅವಳು ಬರೆದದ್ದನ್ನು ಅವರು ಓದುವುದಿಲ್ಲ.

ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಹೊಳೆನರಸೀಪುರದಲ್ಲಿ ಇಳಿದು ಕಚೇರಿಗೆ ಹೋದಳು. ತಿರುನಾರಾಯಣ ಫೋನಿನಲ್ಲಿ ಯಾರದೋ ಮದುವೆಯ ಊಟದ ಮಾತಾಡುತ್ತಿದ್ದರು. ಅವಳನ್ನು ಕಂಡು ಫೋನಿಗೆ ಅಂಗೈ ಮುಚ್ಚಿದರು.

"ಓಹೋ, ನೀನಾ? ತೊಟ್ಟಿಲು ತಂದಿಲ್ವೇನಮ್ಮಾ?"

"ಪ್ರೂಫ್ ತಂದಿದೀನಿ ಸರ್. ನೋಡಿ ಸಹಿ ಹಾಕ್ಬೇಕು."

"ನೋಡೋದೇನು, ನಾನೇ ಬರೆದದ್ದಲ್ವಾ? ನೀನು ಕೈ ಹಾಕಿ ಕೆಡಿಸದೇ ಇದ್ರೆ ಸಾಕು."

ಪೆನ್ನು ತೆಗೆದರು. ಕೆಂಪು ಅಕ್ಷರ ಅವರ ಮೂಗಿನ ಕೆಳಗೇ ಇತ್ತು. 'ಸರ್, ಮೂರು ಕಡೆ ಪ್ರಶ್ನೆ ಹಾಕಿದೀನಿ' ಎನ್ನುವ ಮಾತು ನೇತ್ರಾವತಿಯ ನಾಲಿಗೆಯ ತುದಿಗೆ ಬಂತು. ತಪ್ಪು ಅಚ್ಚಾದರೆ ದಿನಾಂಕ ಮುಂದಕ್ಕೆ ಹೋಗುತ್ತದೆ, ಮಕ್ಕಳು ಸೋರುವ ಸೂರಿನ ಕೆಳಗೆ ಇನ್ನಷ್ಟು ದಿನ ಕೂರಬೇಕಾಗುತ್ತದೆ, ನಿಧಿಗಿಂತ ತುಸು ದೊಡ್ಡವು ಅಷ್ಟೇ. ಅಷ್ಟರಲ್ಲಿ ಅವರು ಫೋನಿಗೆ ಹೇಳಿದರು: "ಒಂದು ನಿಮಿಷ ಕಣಯ್ಯ, ಆ ಪತ್ರಿಕೆಯ ಬಾಣಂತಿ ಬಂದಿದಾಳೆ."

ಮಾತು ಹಿಂದಕ್ಕೆ ಹೋಯಿತು. ಅವರು 'ಸರಿ ಇದೆ' ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಮೊಹರಿನ ಅಂಚು ಎರಡನೇ ಪ್ರಶ್ನೆಯ ಮೇಲೇ ಬಿತ್ತು.

ಪ್ರೂಫಿನ ಫೋಟೊ ತೆಗೆದು ಅಲ್ಲಿಂದಲೇ ಕೇದಾರ್‌ಗೆ ಕಳಿಸಿದಳು. ಅವರು ಫೋನು ಮಾಡಿದರು. "ಏನಮ್ಮಾ ಇದು, ಪ್ರಶ್ನೆ ಎಲ್ಲಾ ಹಾಗೇ ಇದೆ?"

"ಸಹಿ ಬಿದ್ದಿದೆ ಸರ್. ನಿಮ್ಮದೇ ನಿಯಮ."

"ಹೋಗ್ಲಿ ಬಿಡು," ಎಂದರು ಕೇದಾರ್.

ಮನೆಯಲ್ಲಿ ಬೀರಮ್ಮ ಕೇಳಿದಳು: "ಯಾಕವ್ವಾ, ಮೊಕ ಇಂಗೈತೆ? ಉಣ್ಣಾಕಿಲ್ವಾ?"

"ಏನಿಲ್ಲ ಅತ್ತೆ. ಒಬ್ಬರಿಗೆ ಬುದ್ಧಿ ಕಲಿಸ್ಬಿಟ್ಟು ಬಂದೆ."

"ಕಲಿಸ್ದೋಳು ಇಂಗ್ ಕುಂತ್ಕೊಂಡಾಳಾ? ಕಲಿತೋಳಂಗ್ ಕಾಣ್ತೀಯ ಕಣವ್ವ."

ನೇತ್ರಾವತಿ ನಿಧಿಯನ್ನು ಎದೆಗೊತ್ತಿಕೊಂಡಳು. ತನಗಾಗಿರುವುದು ಸಂತೋಷವೋ ಹೆದರಿಕೆಯೋ ತಿಳಿಯಲಿಲ್ಲ.

ಪ್ರಕಟಣೆ ಬಂದ ಬೆಳಿಗ್ಗೆಯೇ ಗುತ್ತಿಗೆದಾರರು ಉಪವಿಭಾಗದ ಎಂಜಿನಿಯರಿಗೆ ಫೋನು ಮಾಡತೊಡಗಿದರು. ನಾವು ಅರ್ಹರೋ ಅಲ್ಲವೋ ಎಂದು ಸಣ್ಣ ದರ್ಜೆಯವರ ಜಗಳ. ನಮ್ಮ ಹೆಸರು ಯಾಕೆ ಎಂದು ಅರಕಲಗೂಡಿನವರ ತಕರಾರು. ಎಂಜಿನಿಯರು ತಿರುನಾರಾಯಣರಿಗೆ ಮೆಮೊ ಕೊಟ್ಟು, ತಿದ್ದುಪಡಿ ಪ್ರಕಟಣೆ ಕೈಯಾರೆ ಕೊಟ್ಟು ಬರುವಂತೆ ಹಾಸನಕ್ಕೆ ಅಟ್ಟಿದರು.

ಅವರು ಬಂದದ್ದು ಕೂಗಾಡುತ್ತಲೇ. "ಕೇದಾರ್, ಮತ್ತೆ ಅದೇ ಹೆಂಗಸು! ಹೋದ ವರ್ಷವೇ ತೆಗೀರಿ ಅಂದಿದ್ದೆ."

ನೇತ್ರಾವತಿ ಏಳಲಿಲ್ಲ. ಡ್ರಾಯರಿನಿಂದ ಪ್ರೂಫ್ ತೆಗೆದು ಮೇಜಿನ ಮೇಲಿಟ್ಟಳು. ಕೇದಾರ್ ಎತ್ತಿಕೊಂಡು ಅಂಚಿನ ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಕೊನೆಗೆ 'ಸರಿ ಇದೆ' ಎನ್ನುವುದನ್ನೂ ಓದಿದರು. ಕಂಪ್ಯೂಟರಿನಲ್ಲಿ ಪತ್ರಿಕೆಯ ಪುಟ ಕಟ್ಟುತ್ತಿದ್ದ ಮನು ಕಿಸಕ್ಕನೆ ನಕ್ಕ.

ತಿರುನಾರಾಯಣರ ದನಿ ಇಳಿಯಿತು. "ಬಾಯಲ್ಲಿ ಒಂದು ಮಾತು ಹೇಳೋಕೇನಾಗಿತ್ತಮ್ಮಾ?"

"ನಿದ್ದೆಗಣ್ಣು ಸರ್," ಎಂದಳು ಅವಳು.

ತಿದ್ದುಪಡಿಯ ಪ್ರೂಫ್ ಬಂತು. ಇಂಥ ಕೆಲಸವನ್ನು ಇಬ್ಬರು ಮಾಡಬೇಕು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಡುತ್ತಾರೆ. ಓದಲು ಮನು ಎದ್ದ. ನೇತ್ರಾವತಿ ಕೈ ಅಡ್ಡ ಹಿಡಿದಳು.

"ಬೇಡ ಮನು, ಸರ್ ಓದ್ತಾರೆ. ಅವರೇ ಬರೆದದ್ದಲ್ವಾ?"

ಅವರು ಕೇದಾರ್ ಮುಖ ನೋಡಿದರು. ಕೇದಾರ್ ಕಿಟಕಿಯ ಕಡೆ ತಿರುಗಿದರು. ಕುರ್ಚಿ ಇತ್ತು, ಕೂರಿ ಎಂದು ಯಾರೂ ಹೇಳಲಿಲ್ಲ. ತಿರುನಾರಾಯಣ ನಿಂತೇ ಓದತೊಡಗಿದರು. "ಗ್ರಾಮೀಣ ಕಟ್ಟಡಗಳ ಉಪವಿಭಾಗ..."

"ಊರು?"

"ಹೊಳೆನರಸೀಪುರ."

"ಕೆಳಗೆ, ಸಹಿ ಜಾಗದಲ್ಲಿ?"

"ಅಲ್ಲೂ ಹೊಳೆನರಸೀಪುರ."

ದರ್ಜೆ ಓದಿದರು, ವಿಸ್ತರಿಸಿದ ಕೊನೆಯ ದಿನ ಓದಿದರು, ಅದರ ಮರುದಿನ ಬಿಡ್ ತೆರೆಯುವುದನ್ನೂ ಓದಿದರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯಿತು. ಎಲ್ಲವೂ ಸರಿಯಾಗಿತ್ತು. ಅವಳಿಗೂ ಗೊತ್ತಿತ್ತು, ಸರಿಯಾಗಿದೆ. ಅವರು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದರು.

ನೇತ್ರಾವತಿ ಬೆರಳನ್ನು ಮತ್ತೆ ಮೊದಲ ಸಾಲಿನ ಮೇಲಿಟ್ಟಳು.

"ಇನ್ನೊಂದು ಸಲ ಓದಿ ಸರ್," ಎಂದಳು. "ಸ್ವಲ್ಪ ಗಟ್ಟಿಯಾಗಿ."